ಕುಡುಗೋಲಾಗಲಿ ಸಿಗಡಿ, ಕೋಡುಬಳೆಯಾಗದಿರಲಿ

ಗಸಿಯ ಮಸಾಲೆ ಹಸಿ ವಾಸನೆ ಬಿಟ್ಟು ಹದಕ್ಕೆ ಬರಲು 15 ನಿಮಿಷ ಕುದಿಯಬೇಕು. ಅದೇ ಪಾತ್ರೆಗೆ ಬೀಳುವ ಸಿಗಡಿಗೆ 3 ನಿಮಿಷ ಸಾಕು. ನಡುವಿನ ಈ 12 ನಿಮಿಷದಲ್ಲೇ ಹೆಚ್ಚಿನ ಮನೆಗಳ ಸಿಗಡಿ ಸಾರು ಕೆಡುವುದು.

ಭಾನುವಾರ ಬೆಳಿಗ್ಗೆ ಮಾರುಕಟ್ಟೆಯಿಂದ ಅರ್ಧ ಕಿಲೋ ಸಿಗಡಿ ಬರುತ್ತದೆ. ತಲೆ ಮುರಿದು, ಸಿಪ್ಪೆ ಸುಲಿದು, ಬೆನ್ನಿನ ಕಪ್ಪು ನರ ಎಳೆದು ತೊಳೆಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಕಾಯಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ ಸೇರಿಸಿ ನುಣ್ಣಗೆ ರುಬ್ಬುವುದು ಇನ್ನೊಂದು ಕೆಲಸ. ಆಮೇಲೆ ಈರುಳ್ಳಿ ಬಾಡಿಸಿ, ಸಿಗಡಿ ಸುರಿದು, ಮೇಲಿಂದ ಮಸಾಲೆ ಹೊಯ್ದು, ಮುಚ್ಚಳ ಮುಚ್ಚಿ, ಕೋಳಿ ಸಾರಿನ ಲೆಕ್ಕದಲ್ಲಿ 20 ನಿಮಿಷ ಬಿಡಲಾಗುತ್ತದೆ. ಮುಚ್ಚಳ ತೆಗೆದು ನೋಡಿದರೆ ಹೆಬ್ಬೆರಳ ಗಾತ್ರವಿದ್ದ ಸಿಗಡಿ ಕಿರುಬೆರಳ ತುದಿಯಷ್ಟಾಗಿ ಸುತ್ತಿಕೊಂಡು ಕೂತಿರುತ್ತದೆ. ಹಲ್ಲಿಗೆ ಸಿಕ್ಕರೆ ರಬ್ಬರು. ಬೈಸಿಕೊಳ್ಳುವವನು ಮಾತ್ರ ಮೀನು ಮಾರಿದವನು.

ಹೀಗಾಗುವುದು ಬೆಂಗಳೂರು, ಮೈಸೂರಿನಂಥ ಒಳನಾಡಿನ ಅಡುಗೆಮನೆಗಳಲ್ಲಿ ಮಾತ್ರ ಅಂದುಕೊಳ್ಳಬೇಕಿಲ್ಲ. ಸಿಗಡಿಯನ್ನು ತುಳುವಿನಲ್ಲಿ ಎಟ್ಟಿ ಎಂದೂ, ಕೊಂಕಣಿಯಲ್ಲಿ ಸುಂಗಟ ಎಂದೂ, ಕುಂದಾಪುರದ ಕಡೆ ಚಟ್ಲಿ ಎಂದೂ, ಉತ್ತರ ಕನ್ನಡದಲ್ಲಿ ಶೆಟ್ಲಿ ಎಂದೂ ಕರೆಯುವ ಕರಾವಳಿಯಲ್ಲೂ ಮದುವೆಮನೆಯ ದೊಡ್ಡ ಹಂಡೆಗಳಲ್ಲಿ ಸಿಗಡಿ ಗಟ್ಟಿಯಾಗುವುದು ಉಂಟು. ‘ರುಚಿ ಸಾರಿಗೆ ಇಳಿಯಬೇಕಲ್ಲ’ ಎಂಬುದು ಅಲ್ಲಿಯ ಸಮಾಧಾನ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಅದಕ್ಕೆ ಬೇರೆ ದಾರಿಯೂ ಇದೆ, ಮುಂದೆ ಬರುತ್ತದೆ.

ಮಟನ್ನಿನ ಲೆಕ್ಕ ಇಲ್ಲಿ ನಡೆಯದು

ಆಡಿನ ಮಾಂಸ ಹೆಚ್ಚು ಹೊತ್ತು ಬೆಂದಷ್ಟೂ ಮೆತ್ತಗಾಗುತ್ತದೆ. ಓಡಾಡುವ, ಭಾರ ಹೊರುವ ಪ್ರಾಣಿಯ ಸ್ನಾಯುಗಳನ್ನು ಕೊಲಾಜೆನ್ ಎಂಬ ಗಟ್ಟಿ ನಾರು ಹಿಡಿದಿಟ್ಟಿರುತ್ತದೆ. ಗಂಟೆಗಟ್ಟಲೆ ಬಿಸಿ ತಾಗಿದಾಗ ಆ ನಾರು ಕರಗಿ ಅಂಟಂಟಾದ ರಸವಾಗುತ್ತದೆ. ಕಾಲು ಸೂಪು ತಣ್ಣಗಾದಾಗ ಗಟ್ಟಿಕಟ್ಟುವುದು ಇದೇ ಕಾರಣಕ್ಕೆ. ನೀರಿನಲ್ಲಿ ತೇಲಿಕೊಂಡಿರುವ ಸಿಗಡಿಗೆ ಅಂಥ ನಾರಿನ ಅಗತ್ಯ ಕಡಿಮೆ. ಇರುವ ಅಷ್ಟಿಷ್ಟೂ ಬೇಗ ಸಡಿಲಾಗಿಬಿಡುತ್ತದೆ. ಹಾಗಾಗಿ ಸಿಗಡಿಯಲ್ಲಿ ಹೊತ್ತು ಕಳೆದಂತೆ ಮೆತ್ತಗಾಗುವಂಥದ್ದು ಏನೂ ಉಳಿದಿರುವುದಿಲ್ಲ. ಉಳಿಯುವುದು ಸ್ನಾಯುವಿನ ಪ್ರೋಟೀನು ಮತ್ತು ಅದು ಹಿಡಿದಿಟ್ಟುಕೊಂಡ ನೀರು.

ಮಾಂಸದ ಒಳಗಿನ ಬಿಸಿ 50 ಡಿಗ್ರಿ ಸೆಲ್ಸಿಯಸ್ ದಾಟುವಾಗ ಒಂದು ಬಗೆಯ ಪ್ರೋಟೀನು ಹೆಪ್ಪುಗಟ್ಟಿ ಸಿಗಡಿ ಬೆಳ್ಳಗಾಗುತ್ತದೆ. 60 ಡಿಗ್ರಿಯ ಆಸುಪಾಸಿನಲ್ಲಿ ಅದು ತಿನ್ನುವ ಹದಕ್ಕೆ ಬಂದಿರುತ್ತದೆ. ಒಳಭಾಗ 63 ಡಿಗ್ರಿ ಮುಟ್ಟಿದರೆ ಆರೋಗ್ಯದ ದೃಷ್ಟಿಯಿಂದಲೂ ಸಾಕು. 70 ಡಿಗ್ರಿ ದಾಟಿತೆಂದರೆ ಇನ್ನೊಂದು ಪ್ರೋಟೀನು ಕುಗ್ಗಿ, ಒದ್ದೆ ಬಟ್ಟೆ ಹಿಂಡಿದಂತೆ ಒಳಗಿನ ನೀರನ್ನೆಲ್ಲ ಹೊರಗೆ ಹಾಕುತ್ತದೆ. ಕುದಿಯುವ ಸಾರಿನ ಬಿಸಿ 100 ಡಿಗ್ರಿ, ಸಿಗಡಿಯ ದಪ್ಪ ಒಂದೂವರೆ ಸೆಂಟಿಮೀಟರು. 60ರಿಂದ 70ಕ್ಕೆ ಏರಲು ಅದಕ್ಕೆ ಒಂದು ನಿಮಿಷವೂ ಬೇಡ. ಫೋನು ಬಂತೆಂದು ಹಾಲಿಗೆ ಹೋಗಿ ಬರುವಷ್ಟರಲ್ಲಿ ಅವಕಾಶ ಮುಗಿದಿರುತ್ತದೆ.

ಬೊಂಡಾಸ್ ತಿನ್ನುವವರಿಗೆ ಇಲ್ಲೊಂದು ಅನುಮಾನ ಬರಬಹುದು. ಅದೂ ಮೊದಲು ಗಟ್ಟಿಯಾಗಿ, ಮುಕ್ಕಾಲು ಗಂಟೆ ಬೇಯಿಸಿದ ಮೇಲೆ ಮತ್ತೆ ಮೆತ್ತಗಾಗುತ್ತದಲ್ಲ? ಬೊಂಡಾಸಿನಲ್ಲಿ ಕೊಲಾಜೆನ್ ಹೆಚ್ಚು, ಅದಕ್ಕೇ ಎರಡನೇ ಅವಕಾಶ ಇದೆ. ಸಿಗಡಿಗೆ ಅದಿಲ್ಲ. ಒಮ್ಮೆ ರಬ್ಬರಾದದ್ದನ್ನು ಇನ್ನೂ ಬೇಯಿಸಿದರೆ ಒಣಗಿದ ರಬ್ಬರಾಗುತ್ತದೆ, ಅಷ್ಟೇ.

ಬಣ್ಣವನ್ನು ನಂಬಬೇಡಿ, ಬೆನ್ನನ್ನು ನೋಡಿ

ಸಿಗಡಿ ಕೆಂಪಾಯಿತು, ಬೆಂದಿತು ಎಂಬುದು ಎಲ್ಲರ ಲೆಕ್ಕ. ಆದರೆ ಕೆಂಪು ಬಹಳ ಬೇಗ ಬರುತ್ತದೆ. ಸಿಗಡಿ, ಏಡಿಗಳ ಚಿಪ್ಪಿನಲ್ಲಿ ಕೆಂಪು ಬಣ್ಣ ಮೊದಲಿನಿಂದಲೂ ಇರುತ್ತದೆ. ಒಂದು ಪ್ರೋಟೀನು ಅದನ್ನು ಹಿಡಿದುಕೊಂಡಿರುವುದರಿಂದ ನಮ್ಮ ಕಣ್ಣಿಗೆ ಬೂದು, ನೀಲಿಯಾಗಿ ಕಾಣುತ್ತದೆ. ಬಿಸಿ ತಾಗಿದ ಕೂಡಲೇ ಆ ಹಿಡಿತ ಸಡಿಲಗೊಂಡು ಕೆಂಪು ಹೊರಬರುತ್ತದೆ. ಹೊರಮೈ ಬಿಸಿಯಾಗಿದೆ ಎಂದಷ್ಟೇ ಅದು ಹೇಳುತ್ತದೆ, ಒಳಗಿನ ಸುದ್ದಿ ಅದಕ್ಕೆ ಗೊತ್ತಿಲ್ಲ.

ಆಕಾರ ಇನ್ನೂ ಸ್ವಲ್ಪ ಪ್ರಾಮಾಣಿಕ. ಸಿಗಡಿಯ ಹೊಟ್ಟೆಯ ಕಡೆಯ ಸ್ನಾಯು ಬಲವಾದದ್ದು. ನೀರಿನಲ್ಲಿ ಹಿಂದಕ್ಕೆ ಚಿಮ್ಮಲು ಅದು ಬಳಸುವುದು ಅದನ್ನೇ. ಬೇಯುವಾಗ ಅದು ಕುಗ್ಗಿ ಬಾಲವನ್ನು ಒಳಕ್ಕೆ ಎಳೆಯುತ್ತದೆ. ಕುಡುಗೋಲಿನಷ್ಟು ಬಾಗಿದಾಗ ಹದ. ಬಾಲದ ತುದಿ ಕುತ್ತಿಗೆಗೆ ತಾಗಿ ಕೋಡುಬಳೆಯಾದರೆ ಹದ ಮೀರಿತು. ಆದರೆ ಬೆನ್ನನ್ನು ಆಳವಾಗಿ ಸೀಳಿ ನರ ತೆಗೆದ ಸಿಗಡಿ ಬೇರೆ ರೀತಿ ಅರಳಿಕೊಳ್ಳುತ್ತದೆ, ಕಡ್ಡಿಗೆ ಚುಚ್ಚಿದ್ದು ಬಾಗುವುದೇ ಇಲ್ಲ. ಅಲ್ಲಿ ಆಕಾರ ಕೈಕೊಡುತ್ತದೆ.

ಎಲ್ಲ ಕಡೆಯೂ ನಡೆಯುವ ಗುರುತು ಬೆನ್ನಿನ ಸೀಳು. ನರ ತೆಗೆದ ಜಾಗದಲ್ಲಿ, ತಲೆಯ ಕಡೆ, ಮಾಂಸ ಅತಿ ದಪ್ಪವಿರುತ್ತದೆ. ಹಸಿಯಿದ್ದಾಗ ಅದು ಎಳನೀರಿನ ಗಂಜಿಯ ಹಾಗೆ, ಒಳಗೆ ಬೆಳಕು ಹಾಯುವಂತೆ ಇರುತ್ತದೆ. ಬೆಂದಾಗ ಬಲಿತ ಕಾಯಿಯ ತಿರುಳಿನ ಬಿಳುಪಿಗೆ ತಿರುಗುತ್ತದೆ. ಸೀಳಿನ ತಳದಲ್ಲಿ ಕೂದಲೆಳೆಯಷ್ಟು ಗಂಜಿಬಣ್ಣ ಉಳಿದಿರುವಾಗ ಉರಿ ಆರಿಸಿದರೆ, ಪಾತ್ರೆಯ ಬಿಸಿಗೇ ಅದು ಪೂರ್ತಿಯಾಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಒಂದೇ ಅಳತೆಯ ಐದು ಸಿಗಡಿ ಸಾಕು. ಕಿಲೋಗೆ 30–40 ತೂಗುವ, ಅಂದರೆ ಸುಲಿದಾಗ ಹೆಬ್ಬೆರಳಷ್ಟು ಬರುವ ಗಾತ್ರದವು. ಉಪ್ಪು ಹಾಕಿದ ನೀರು ಒಂದು ಪಾತ್ರೆ ತುಂಬ ಸಣ್ಣಗೆ ಕುದಿಯುತ್ತಿರಲಿ. ಐದನ್ನೂ ಒಟ್ಟಿಗೆ ಬಿಟ್ಟು ಒಂದೊಂದಾಗಿ ತೆಗೆದು ಅಡ್ಡಕ್ಕೆ ಕತ್ತರಿಸಬೇಕು. 1 ನಿಮಿಷಕ್ಕೆ ತೆಗೆದದ್ದು ಹೊರಗೆ ಆಗಲೇ ಕೆಂಪು, ನಡುವೆ ಪೂರ್ತಿ ಗಂಜಿ. 2 ನಿಮಿಷದ್ದರಲ್ಲಿ ಗಂಜಿ ಒಂದು ಗೆರೆಯಷ್ಟೇ ಉಳಿದಿದೆ. 3 ನಿಮಿಷದ್ದು ಪೂರ್ತಿ ಬಿಳಿ, ಕತ್ತರಿಸಿದ ಮುಖ ರಸದಿಂದ ಹೊಳೆಯುತ್ತದೆ, ಕಚ್ಚಿದರೆ ಮೆತ್ತಗಿದ್ದೂ ಸಣ್ಣಗೆ ಪುಟಿಯುತ್ತದೆ. 5 ನಿಮಿಷದ್ದು ಬಿಗಿಯಾಗಿ ಸುತ್ತಿಕೊಂಡಿದೆ, ಗಾತ್ರ ಇಳಿದದ್ದು ಕಣ್ಣಿಗೇ ಕಾಣುತ್ತದೆ. 10 ನಿಮಿಷದ್ದನ್ನು ಬೆರಳಿನಿಂದ ಒತ್ತಿದರೆ ಹನಿ ನೀರೂ ಹೊರಡದು, ಅಗಿದರೆ ಎಳೆಎಳೆಯಾಗಿ ಹಲ್ಲಿನ ಸಂದಿಗೆ ಸೇರುತ್ತದೆ.

ಗಾತ್ರ ಬದಲಾದರೆ ಹೊತ್ತೂ ಬದಲಾಗುತ್ತದೆ. ಕಿಲೋಗೆ 60–80 ಬರುವ ಸಣ್ಣವಕ್ಕೆ ಒಂದೂವರೆಯಿಂದ 2 ನಿಮಿಷ, ಕಿಲೋಗೆ 15–20 ಬರುವ ದೊಡ್ಡ ಹುಲಿ ಸಿಗಡಿಗೆ 4ರಿಂದ 5 ನಿಮಿಷ. ಸಿಪ್ಪೆ ಸಮೇತ ಹಾಕಿದರೆ ಅರ್ಧ–ಮುಕ್ಕಾಲು ನಿಮಿಷ ಸೇರಿಸಿಕೊಳ್ಳಬೇಕು. ಒಂದೇ ಖರೀದಿಯಲ್ಲಿ ದೊಡ್ಡವೂ ಸಣ್ಣವೂ ಬೆರೆತು ಬಂದಿದ್ದರೆ ಮೊದಲೇ ಬೇರ್ಪಡಿಸಿ, ದೊಡ್ಡವನ್ನು ಹಾಕಿದ ಒಂದು ನಿಮಿಷಕ್ಕೆ ಸಣ್ಣವನ್ನು ಹಾಕುವುದು ಒಳ್ಳೆಯದು.

ಅರ್ಧ ಕಿಲೋ ಎಟ್ಟಿ ಗಸಿ, ಗಡಿಯಾರ ನೋಡಿಕೊಂಡು

ಲೆಕ್ಕವನ್ನು ಒಂದು ಅಡುಗೆಯಲ್ಲೇ ಇಟ್ಟು ನೋಡೋಣ. ಮಧ್ಯಮ ಗಾತ್ರದ ಅರ್ಧ ಕಿಲೋ ಎಂದರೆ 15–20 ಸಿಗಡಿ. ತಲೆ, ಸಿಪ್ಪೆ ಹೋದ ಮೇಲೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾಂಸ ಉಳಿಯುತ್ತದೆ. ತಲೆಯನ್ನು ಮನೆಗೆ ತಂದ ಕೂಡಲೇ ಮುರಿಯಬೇಕು. ಅದರೊಳಗಿನ ಜೀರ್ಣರಸ, ಸಿಗಡಿ ಸತ್ತ ಮೇಲೂ ಕೆಲಸ ನಿಲ್ಲಿಸದೆ, ಕುತ್ತಿಗೆಯ ಕಡೆಯಿಂದ ಮಾಂಸವನ್ನು ಕರಗಿಸುತ್ತಾ ಬರುತ್ತದೆ. ಬೇಯಿಸಿದಾಗ ಕೆಲವು ಸಿಗಡಿ ಹಿಟ್ಟಿನಂತೆ ಕುಸಿಯುವುದು ಇದರಿಂದ. ಅದಕ್ಕೆ ಬೇಯಿಸಿದ ಹೊತ್ತು ಕಾರಣವಲ್ಲ, ಐಸಿಲ್ಲದೆ ಕಳೆದ ಹೊತ್ತು ಕಾರಣ.

ಸುಲಿದ ಮಾಂಸಕ್ಕೆ ಅರ್ಧ ಚಮಚ ಉಪ್ಪು, ಒಂದೆರಡು ಚಿಟಿಕೆ ಅಡುಗೆ ಸೋಡಾ ಸವರಿ 20 ನಿಮಿಷ ಫ್ರಿಜ್ಜಿನಲ್ಲಿಟ್ಟು ಆಮೇಲೆ ತೊಳೆಯುವ ಒಂದು ಉಪಾಯ ಉಂಟು. ಚೀನೀ ಅಡುಗೆಯವರು ಬಳಸುವಂಥದ್ದು. ಉಪ್ಪು ನೀರನ್ನು ಹಿಡಿದಿಡುತ್ತದೆ, ಸೋಡಾದ ಕ್ಷಾರ ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಳ್ಳುವುದನ್ನು ತಡೆಯುತ್ತದೆ. ಒಂದು ನಿಮಿಷ ಹೆಚ್ಚುಕಡಿಮೆಯಾದರೂ ಸಿಗಡಿ ತಡೆದುಕೊಳ್ಳುತ್ತದೆ. ಸೋಡಾ ಜಾಸ್ತಿಯಾದರೆ ಸಾಬೂನಿನ ರುಚಿ ಬರುತ್ತದೆ. ಬೆಳಿಗ್ಗೆ ದಕ್ಕೆಯಲ್ಲಿ ಕೊಂಡ ತಾಜಾ ಸಿಗಡಿಗೆ ಇದರ ಅಗತ್ಯವಿಲ್ಲ, ಫ್ರೀಜರಿನಿಂದ ಬಂದದ್ದಕ್ಕೆ ಮಾಡಿದರೆ ಫಲ ಕಾಣುತ್ತದೆ. ಹುಳಿಯ ವಿಷಯ ಇದಕ್ಕೆ ತಿರುಗಾಮುರುಗಾ. ಲಿಂಬೆರಸ, ಹುಣಸೆರಸ ಬೆಂಕಿಯಿಲ್ಲದೆಯೇ ಸಿಗಡಿಯ ಹೊರಪದರವನ್ನು ಹೆಪ್ಪುಗಟ್ಟಿಸುತ್ತವೆ. ಮಸಾಲೆ ಚೆನ್ನಾಗಿ ಹೀರಲೆಂದು ಲಿಂಬೆ ಹಿಂಡಿ ಎರಡು ಗಂಟೆ ಇಟ್ಟದ್ದು ಬಾಣಲೆಗೆ ಬೀಳುವ ಮೊದಲೇ ಅರ್ಧ ಬೆಂದಂತೆ. ಹುಳಿ ಸವರುವುದಾದರೆ ಹತ್ತು ನಿಮಿಷ ಸಾಕು.

ಈಗ ಆ ಮದುವೆಮನೆಯ ಸಮಾಧಾನಕ್ಕೆ ಉತ್ತರ. ರುಚಿ ಸಾರಿಗೆ ಇಳಿಯಬೇಕೆಂದರೆ ಅದನ್ನು ತಲೆ–ಸಿಪ್ಪೆಗಳಿಂದ ಇಳಿಸಬಹುದು. ತೊಳೆದ ತಲೆ, ಸಿಪ್ಪೆಗಳನ್ನು ಒಂದು ಚಮಚ ತೆಂಗಿನೆಣ್ಣೆಯಲ್ಲಿ ಕೆಂಪಾಗುವವರೆಗೆ ಹುರಿದು, ಎರಡು ಲೋಟ ನೀರು ಹಾಕಿ 15–20 ನಿಮಿಷ ಕುದಿಸಿ ಸೋಸಿದರೆ ಕಿತ್ತಳೆ ಬಣ್ಣದ ರಸ ಸಿಗುತ್ತದೆ. ಮಾಂಸವನ್ನು ಇಪ್ಪತ್ತು ನಿಮಿಷ ಕುದಿಸಿದರೂ ಇಷ್ಟು ಪರಿಮಳ ಬರುವುದಿಲ್ಲ. ಕಸದ ಬುಟ್ಟಿಗೆ ಹೋಗುವ ವಸ್ತು ಇದು.

ಒಂದೂವರೆ ಬಟ್ಟಲು ಕಾಯಿತುರಿ, ಹುರಿದ 8 ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಕಾಲು ಚಮಚ ಮೆಂತ್ಯ, ನಾಲ್ಕು ಎಸಳು ಬೆಳ್ಳುಳ್ಳಿ, ಅಡಿಕೆ ಗಾತ್ರದ ಹುಣಸೆ, ಚಿಟಿಕೆ ಅರಿಸಿನ ರುಬ್ಬಿದ ಮಸಾಲೆ ಸಿದ್ಧವಿರಲಿ. ಈರುಳ್ಳಿ ಬಾಡಿಸಿ, ಮಸಾಲೆ ಹಾಕಿ, ಸೋಸಿದ ರಸದಿಂದ ತೆಳು ಮಾಡಿ ಕುದಿಸಬೇಕು. ಸಿಗಡಿ ಇನ್ನೂ ಫ್ರಿಜ್ಜಿನಲ್ಲೇ ಇದೆ. 12–15 ನಿಮಿಷದಲ್ಲಿ ಹಸಿ ಕೊತ್ತಂಬರಿಯ ವಾಸನೆ ಹೋಗಿ, ಅಂಚಿನಲ್ಲಿ ಎಣ್ಣೆ ಕಾಣಿಸಿಕೊಂಡು, ಗಸಿ ತಿನ್ನಲು ಬೇಕಾದ ದಪ್ಪಕ್ಕೆ ಬರುತ್ತದೆ. ಉಪ್ಪು, ಹುಳಿ ನೋಡುವುದಿದ್ದರೆ ಈಗಲೇ. ಸಿಗಡಿ ಬಿದ್ದ ಮೇಲೆ ಹುಳಿ ಸಾಲದೆಂದು ಕುದಿಸುತ್ತಾ ನಿಲ್ಲುವುದಕ್ಕೆ ಹೊತ್ತಿಲ್ಲ.

ಸಿಗಡಿಯನ್ನು ಹಾಕಿದಾಗ ಕುದಿ ನಿಲ್ಲುತ್ತದೆ. ಅಂಚಿನಲ್ಲಿ ಮತ್ತೆ ಗುಳ್ಳೆ ಏಳುವವರೆಗೆ ಅರ್ಧ–ಒಂದು ನಿಮಿಷ ಹಿಡಿಯುತ್ತದೆ. ಗುಳ್ಳೆ ಕಂಡಲ್ಲಿಂದ ಎಣಿಸಿ 2 ನಿಮಿಷಕ್ಕೆ ಸ್ಟೀಲು ಪಾತ್ರೆಯ ಉರಿ ಆರಿಸಬೇಕು. ಮಣ್ಣಿನ ಗಡಿಗೆಯಾದರೆ ಒಂದು ನಿಮಿಷಕ್ಕೇ ಆರಿಸಬೇಕು, ಏಕೆಂದರೆ ಒಲೆ ಆರಿದ ಮೇಲೂ ಗಡಿಗೆಯಲ್ಲಿ ಗಸಿ ನಾಲ್ಕೈದು ನಿಮಿಷ ಕುದಿಯುತ್ತಲೇ ಇರುತ್ತದೆ. ಗಡಿಗೆಯ ಗಸಿ ರುಚಿ ಎಂದು ಊರಿನಿಂದ ಗಡಿಗೆ ತಂದುಕೊಂಡು, ಸ್ಟೀಲು ಪಾತ್ರೆಯ ಲೆಕ್ಕದಲ್ಲಿ ಬೇಯಿಸಿದವರ ಸಿಗಡಿ ಗಟ್ಟಿಯಾದದ್ದಕ್ಕೆ ಗಡಿಗೆಯೇ ಸಾಕ್ಷಿ.

ಘೀ ರೋಸ್ಟಿಗೂ ಇದೇ ನ್ಯಾಯ. ಕುಂದಾಪುರದ ಆ ಕೆಂಪು ಮಸಾಲೆ ತುಪ್ಪದಲ್ಲಿ ಹುರಿದು ತುಪ್ಪ ಬಿಟ್ಟುಕೊಳ್ಳುವವರೆಗೆ ಸಿಗಡಿ ಹತ್ತಿರವೂ ಸುಳಿಯಬಾರದು. ಕೊನೆಯ 3 ನಿಮಿಷ ಅದರದು.

ಕಾವಲಿಯ ಮೇಲಿನ ರವಾ ಫ್ರೈಯಲ್ಲಿ ತಪ್ಪಾಗುವುದು ಇನ್ನೊಂದು ಕಡೆ. ಅರ್ಧ ಕಿಲೋವನ್ನೂ ಒಟ್ಟಿಗೆ ಸುರಿದರೆ ಕಾವಲಿ ತಣ್ಣಗಾಗಿ, ಸಿಗಡಿ ನೀರು ಬಿಟ್ಟು, ಆ ನೀರು ಆರುವವರೆಗೆ ಬೇಯುತ್ತದೆ. ಹೊರಗೆ ಗರಿಗರಿ ಬರುವಷ್ಟರಲ್ಲಿ ಎಂಟು ನಿಮಿಷ ಆಗಿರುತ್ತದೆ. ನೀರಿನ ಹನಿ ಚಿಮುಕಿಸಿದರೆ ಚಟ್ಟೆಂದು ಹಾರುವಷ್ಟು ಕಾವಲಿ ಕಾದಿರಲಿ, ಸಿಗಡಿಯ ಮೈ ಒರೆಸಿ ಒಣಗಿರಲಿ, ಒಂದಕ್ಕೊಂದು ತಾಗದಂತೆ ಎರಡು ಸಲ ಹಾಕಿ. ಒಂದು ಮಗ್ಗುಲು 2 ನಿಮಿಷ, ಮಗುಚಿ ಒಂದೂವರೆ ನಿಮಿಷ. ಒಣಗಿಸಿ ಹಾಕಿದರೂ ನೊರೆನೊರೆಯಾದ ಬಿಳಿ ನೀರು ಧಾರಾಳವಾಗಿ ಬಂದರೆ, ತೂಕ ಹೆಚ್ಚಲು ಫಾಸ್ಫೇಟಿನ ನೀರಿನಲ್ಲಿ ನೆನೆಸಿದ ಪ್ಯಾಕೆಟ್ ಸಿಗಡಿ ಇರಬಹುದು. ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳಲ್ಲಿ ಅದರ ಹೆಸರು ಸಿಗುವುದುಂಟು.

ಏಡಿಗೆ ಬೇರೆ ಪಂಚಾಂಗ

ಸಿಗಡಿಯಲ್ಲಿ ಕೈ ಸುಟ್ಟುಕೊಂಡವರು ಏಡಿಯನ್ನೂ ಐದೇ ನಿಮಿಷಕ್ಕೆ ಇಳಿಸಿಬಿಡುತ್ತಾರೆ. ಅದು ಎದುರು ದಿಕ್ಕಿನ ತಪ್ಪು. ಏಡಿಯ ಮಾಂಸವೂ ಸಿಗಡಿಯಂಥದ್ದೇ, ಹೆಚ್ಚು ಬೆಂದರೆ ಹತ್ತಿಯಂತಾಗುತ್ತದೆ. ಆದರೆ ಅದು ಗಟ್ಟಿ ಚಿಪ್ಪಿನೊಳಗೆ, ಗೂಡುಗೂಡಾಗಿ ಹಂಚಿಹೋಗಿರುವುದರಿಂದ ಬಿಸಿ ಒಳಹೊಗಲು ಹೊತ್ತು ಹಿಡಿಯುತ್ತದೆ. ಅರೆಬೆಂದ ಏಡಿಯಲ್ಲಿ ಮಾಂಸ ಲೋಳೆಯಾಗಿ ಚಿಪ್ಪಿಗೇ ಅಂಟಿಕೊಂಡಿರುತ್ತದೆ, ಹೊಟ್ಟೆ ಕೆಡುವ ಭಯ ಬೇರೆ. ಏಡಿಯ ವಿಷಯದಲ್ಲಿ ಸ್ವಲ್ಪ ಹಸಿಯಿರಲಿ ಎಂಬ ಮಾತೇ ಬೇಡ.

ಕರಾವಳಿಯಲ್ಲಿ ಸಿಗುವ ಏಡಿ ಮುಖ್ಯವಾಗಿ ಎರಡು ಬಗೆ. ಬೆನ್ನಿನ ಮೇಲೆ ಮೂರು ದುಂಡು ಮಚ್ಚೆಯಿರುವುದು, ನೀಲಿ ಕಾಲಿನದು ಇವೆಲ್ಲ ಕಡಲ ಏಡಿಗಳು. ಚಿಪ್ಪು ತೆಳು, ತೂಕ 150ರಿಂದ 300 ಗ್ರಾಂ. ಅಳಿವೆ, ಹಿನ್ನೀರು, ಕಾಂಡ್ಲಾ ಕಾಡಿನ ಕೆಸರಿನಲ್ಲಿ ಸಿಗುವ ದೊಡ್ಡ ಕಪ್ಪು–ಹಸಿರು ಏಡಿ ಇನ್ನೊಂದು. ಅರ್ಧದಿಂದ ಒಂದು ಕಿಲೋ ತೂಗುವ ಇದರ ಚಿಪ್ಪು ಕಲ್ಲಿನಂತೆ. ದಾರದಿಂದ ಕಾಲು ಕಟ್ಟಿ ಜೀವಂತ ಮಾರುತ್ತಾರೆ. ತುಳುವಿನ ಡೆಂಜಿ, ಕೊಂಕಣಿಯ ಕುರ್ಲಿ ಎರಡಕ್ಕೂ ಸಲ್ಲುವ ಹೆಸರು.

ಕೊಳ್ಳುವಾಗ ಕೈಯಲ್ಲಿ ಎತ್ತಿ ನೋಡಬೇಕು. ಗಾತ್ರಕ್ಕೆ ತಕ್ಕ ಭಾರ ಇಲ್ಲದಿದ್ದರೆ, ಹೊಟ್ಟೆಯ ಕಡೆ ಒತ್ತಿದಾಗ ತಗ್ಗಿದರೆ, ಅದು ಈಚೆಗೆ ಚಿಪ್ಪು ಕಳಚಿದ ಏಡಿ. ಹೊಸ ಚಿಪ್ಪಿನೊಳಗೆ ಮಾಂಸ ತುಂಬಿಲ್ಲ, ನೀರು ತುಂಬಿದೆ. ಎಷ್ಟೇ ಹದವಾಗಿ ಬೇಯಿಸಿದರೂ ಅದರಲ್ಲಿ ತಿನ್ನಲು ಏನೂ ಸಿಗುವುದಿಲ್ಲ. ಅಮಾವಾಸ್ಯೆಯ ಏಡಿ ಗಟ್ಟಿ, ಹುಣ್ಣಿಮೆಯದು ಪೊಳ್ಳು ಎಂದು ಹಳಬರು ಹೇಳುತ್ತಾರೆ. ತಿಥಿ ಏನೇ ಇರಲಿ, ಕೈಯ ತೂಕ ಸುಳ್ಳು ಹೇಳುವುದಿಲ್ಲ. ಸತ್ತ ಕೆಸರೇಡಿಯನ್ನು ಕೊಳ್ಳಲೇಬಾರದು. ಸಿಗಡಿಯ ತಲೆಯಲ್ಲಿ ನಡೆಯುವ ಕರಗಿಸುವ ಕೆಲಸ ಏಡಿಯೊಳಗೆ ಇನ್ನೂ ಜೋರಾಗಿ ನಡೆಯುತ್ತದೆ.

ಜೀವಂತ ಏಡಿಯನ್ನು ನೇರ ಕುದಿನೀರಿಗೆ ಹಾಕಿದರೆ ಅದು ಕಾಲುಗಳನ್ನು ಕಳಚಿಬಿಡುತ್ತದೆ. ಕಳಚಿದ ಸಂದಿಯಿಂದ ನೀರು ಒಳಹೊಕ್ಕು ಮಾಂಸ ಸಪ್ಪೆಯಾಗುತ್ತದೆ. ಅರ್ಧ ಗಂಟೆ ಐಸಿನಲ್ಲಿ ಹೂತಿಟ್ಟರೆ ಅಲುಗಾಟ ನಿಲ್ಲುತ್ತದೆ. ಆಮೇಲೆ ಕೊಯ್ಯುವುದು ಏಡಿಗೂ ಹಿಂಸೆ ಕಡಿಮೆ, ಕೈಗೂ ಅಪಾಯ ಕಡಿಮೆ.

ಇಡೀ ಏಡಿ ಬೇಯಿಸುವುದಾದರೆ ಇಡ್ಲಿ ಅಟ್ಟದಂಥ ಆವಿಯ ಪಾತ್ರೆಯೇ ಒಳ್ಳೆಯದು. ನೀರು ಕುದಿದು ಆವಿ ಜೋರಾಗಿ ಬಂದ ಮೇಲೆ, ಹೊಟ್ಟೆ ಮೇಲೆ ಬರುವಂತೆ ಏಡಿಯನ್ನು ಅಂಗಾತ ಇಡಬೇಕು. ಹಾಗಿಟ್ಟರೆ ಒಳಗಿನ ರಸ ಬೆನ್ನಿನ ಚಿಪ್ಪಿನ ಬಟ್ಟಲಲ್ಲೇ ನಿಲ್ಲುತ್ತದೆ. 250 ಗ್ರಾಮಿನದಕ್ಕೆ 10 ನಿಮಿಷ, ಅರ್ಧ ಕಿಲೋದ ಕೆಸರೇಡಿಗೆ 15, ಒಂದು ಕಿಲೋದ್ದಕ್ಕೆ 22ರಿಂದ 25. ತಣ್ಣೀರಿನಲ್ಲಿಟ್ಟು ನಿಧಾನ ಬಿಸಿ ಮಾಡುವುದು ಬೇಡ. ಆ ಉಗುರುಬೆಚ್ಚಗಿನ ಹೊತ್ತಿನಲ್ಲೇ ಒಳಗಿನ ಜೀರ್ಣರಸಕ್ಕೆ ಹುರುಪು ಬಂದು ಮಾಂಸ ಗಂಜಿಯಾಗುತ್ತದೆ.

ಆದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಏಡಿ ಸುಕ್ಕವನ್ನು. ಒಂದು ಕಿಲೋ ಕಡಲೇಡಿ, ಅಂದರೆ ನಾಲ್ಕೈದು. ಬೆನ್ನಿನ ಚಿಪ್ಪು ಎಬ್ಬಿಸಿ, ಬೂದು ಬಣ್ಣದ ಗರಿಯಂಥ ಕಿವಿರು ಕಿತ್ತು, ಹೊಟ್ಟೆಯಡಿಯ ಮಡಿಕೆ ತೆಗೆದು, ಮೈಯನ್ನು ಎರಡು ಹೋಳು ಮಾಡಿಕೊಳ್ಳಬೇಕು. ಇಕ್ಕಳದಂಥ ಎರಡು ದಪ್ಪ ಕಾಲುಗಳನ್ನು ಬೇರ್ಪಡಿಸಿ, ಕುಟ್ಟಾಣಿಯ ಒನಕೆಯಿಂದ ಪ್ರತಿ ಗೆಣ್ಣಿಗೆ ಒಂದೇ ಪೆಟ್ಟು ಕೊಡಬೇಕು. ಚಿಪ್ಪು ಬಿರಿಯಬೇಕು, ಚೂರಾಗಬಾರದು. ಈ ಬಿರುಕು ಮಸಾಲೆ ಒಳಗಿಳಿಯಲು ಮಾತ್ರವಲ್ಲ, ದಪ್ಪ ಕಾಲೂ ತೆಳು ಮೈಯೂ ಒಂದೇ ಹೊತ್ತಿಗೆ ಬೇಯಲು.

ಈರುಳ್ಳಿ, ರುಬ್ಬಿದ ಮಸಾಲೆ ಹತ್ತು ನಿಮಿಷ ಚೆನ್ನಾಗಿ ಹುರಿದ ಮೇಲೆ, ಅರ್ಧ ಲೋಟ ನೀರಿನೊಂದಿಗೆ ಮೊದಲು ದಪ್ಪ ಕಾಲುಗಳು ಬಾಣಲೆಗೆ. ಮುಚ್ಚಿ 4 ನಿಮಿಷ. ಆಮೇಲೆ ಮೈಯ ಹೋಳು, ಸಣ್ಣ ಕಾಲುಗಳನ್ನು ಹಾಕಿ, ಮಗುಚಿ, ಮತ್ತೆ ಮುಚ್ಚಿ 8 ನಿಮಿಷ ಮಧ್ಯಮ ಉರಿ. ಕೊನೆಗೆ ತರಿತರಿ ಅರೆದ ಕಾಯಿ ಬೆರೆಸಿ, ಮುಚ್ಚಳ ತೆಗೆದು 2 ನಿಮಿಷ. ಒಟ್ಟು 14. ಕೆಸರೇಡಿಯಾದರೆ ಎರಡನೇ ಹಂತಕ್ಕೆ ನಾಲ್ಕು ನಿಮಿಷ ಸೇರಿಸಿ.

ಇಲ್ಲೂ ಚಿಪ್ಪಿನ ಕೆಂಪನ್ನು ನಂಬುವಂತಿಲ್ಲ, ಅದು ಎರಡು–ಮೂರು ನಿಮಿಷಕ್ಕೇ ಬರುತ್ತದೆ. ನೋಡಬೇಕಾದ್ದು ಮೈಯ ಹೋಳಿನ ಕತ್ತರಿಸಿದ ಮುಖವನ್ನು. ಏಡಿಯ ರಕ್ತ ತಿಳಿನೀಲಿ ಛಾಯೆಯ ನೀರಿನಂತಿರುತ್ತದೆ. ಬೆಂದಾಗ ಅದು ಒಡೆದ ಹಾಲಿನಂತೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಕತ್ತರಿಸಿದ ಕಡೆ ಲೋಳೆ ಹೊಳಪು ಹೋಗಿ ಬಿಳಿ ಎಸಳು ಕಾಣುತ್ತಿದ್ದರೆ, ಸಣ್ಣ ಕಾಲೊಂದನ್ನು ಎಳೆದಾಗ ಬುಡದ ಮಾಂಸದ ಗಡ್ಡೆಯೊಡನೆ ಸಲೀಸಾಗಿ ಕಿತ್ತು ಬಂದರೆ ಅದೇ ಹದ. ಎಳೆದರೂ ಬಾರದೆ ಲೋಳೆ ಹಿಗ್ಗಿದರೆ ಇನ್ನೂ ಹಸಿ. ಬಂದದ್ದು ನೂಲುನೂಲಾಗಿ ಒಣಗಿದ್ದು, ಉಳಿದದ್ದು ಚಿಪ್ಪಿಗೆ ಮತ್ತೆ ಅಂಟಿಕೊಂಡಿದ್ದರೆ ಹೊತ್ತು ಮೀರಿದೆ. ಹಸಿಯಾದರೂ ಅಂಟುತ್ತದೆ, ಮೀರಿದರೂ ಅಂಟುತ್ತದೆ. ಲೋಳೆಯೋ ನೂಲೋ ಎಂಬುದರಿಂದ ಗುರುತು ಹಿಡಿಯಬೇಕು.

ಉಳಿದದ್ದು, ಐಸಿನದು

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಅಂಗಡಿಯಲ್ಲಿರುವ ಸಿಗಡಿಯಲ್ಲಿ ಬಹುಪಾಲು ಕೆರೆಯಲ್ಲಿ ಸಾಕಿದ ವನ್ನಾಮಿ ಅಥವಾ ಐಸುಗಟ್ಟಿದ್ದು. ಐಸುಗಟ್ಟಿದ್ದನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳ ಅಟ್ಟಕ್ಕೆ ಇಳಿಸಬೇಕು. ಅವಸರವಿದ್ದರೆ ಪೊಟ್ಟಣ ಸಮೇತ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಬಹುದು. ಬಿಸಿನೀರು ಹೊಯ್ದರೆ ಹೊರಗೆ ಬೆಂದು ಒಳಗೆ ಐಸೇ ಉಳಿಯುತ್ತದೆ. ಹಾಗೆ ಹೊರಟದ್ದು ಯಾವ ಲೆಕ್ಕಕ್ಕೂ ಸಿಗದು.

ರಾತ್ರಿಗೆ ಉಳಿದ ಗಸಿಯನ್ನು ಬಿಸಿ ಮಾಡುವಾಗ ಮಧ್ಯಾಹ್ನದ ಶ್ರಮವೆಲ್ಲ ವ್ಯರ್ಥವಾಗುವುದುಂಟು. ಸಿಗಡಿಯನ್ನು ಸೌಟಿನಿಂದ ಬೇರೆ ತೆಗೆದಿಟ್ಟು, ಗಸಿಯನ್ನು ಮಾತ್ರ ತಳಮಳ ಕುದಿಸಿ, ಆಮೇಲೆ ಸಿಗಡಿ ಹಾಕಿ ಒಂದು ನಿಮಿಷ ಕುದಿಸಿದರೆ ಒಳಗಿನವರೆಗೂ ಬಿಸಿಯಾಗುತ್ತದೆ, ಗಟ್ಟಿಯಾಗುವುದಿಲ್ಲ. ಏಡಿ ಸುಕ್ಕಕ್ಕೆ ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಐದು ನಿಮಿಷ ಸಣ್ಣ ಉರಿ ಸಾಕು.

ಮುಂದಿನ ಸಲ ಅರ್ಧ ಕಿಲೋ ತಂದಾಗ ಒಂದು ಸಿಗಡಿಯನ್ನು ಪರೀಕ್ಷೆಗೆಂದೇ ಲೆಕ್ಕದಿಂದ ಬಿಟ್ಟುಬಿಡಿ. ಗಸಿಯಲ್ಲಿ ಮತ್ತೆ ಗುಳ್ಳೆ ಎದ್ದ ಒಂದೂವರೆ ನಿಮಿಷಕ್ಕೆ ಅದನ್ನು ತೆಗೆದು ನಡುವೆ ಕತ್ತರಿಸಿ ನೋಡಿ. ಕೂದಲೆಳೆಯಷ್ಟು ಗಂಜಿ ಉಳಿದಿದ್ದರೆ ಆಗಲೇ ಉರಿ ಆರಿಸಿ, ಆ ಎರಡು ತುಂಡನ್ನು ಒಲೆಯ ಪಕ್ಕದಲ್ಲಿ ನಿಂತೇ ತಿಂದು ಮುಗಿಸಿ.